ಆಫರ್ ಲೆಟರ್ ಪ್ರಕಾರ ತಿಂಗಳಿಗೆ 30 ಸಾವಿರ, ಖಾತೆಗೆ ಬಂದದ್ದು 18,040. ಯಾರಾದರೂ ಸ್ಲಿಪ್ ನೋಡಿ ಹೇಳ್ತೀರಾ?

ಕಾಪುದ ಹುಡುಗ · 2025 ಜುಲೈ 2

ಎಲ್ಲರಿಗೂ ನಮಸ್ಕಾರ. ಜೂನ್ 9ಕ್ಕೆ ಮಂಗಳೂರಿನ ಒಂದು ಸಾಫ್ಟ್‌ವೇರ್ ಸಪೋರ್ಟ್ ಕಂಪೆನಿಗೆ ಸೇರಿದ್ದೇನೆ. ಮೊದಲ ಕೆಲಸ. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3,60,000 ಸಿಟಿಸಿ ಎಂದಿತ್ತು. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30 ಸಾವಿರ ಎಂದುಕೊಂಡೆ. ಮನೆಯಲ್ಲೂ ಹಾಗೇ ಹೇಳಿದೆ. ನಿನ್ನೆ ಖಾತೆಗೆ ಬಂದದ್ದು 18,040.

ಸ್ಲಿಪ್‌ನಲ್ಲಿ ಇರುವುದು ಇಷ್ಟು. ಹಾಜರಿ 30ರಲ್ಲಿ 22 ದಿನ. ಬೇಸಿಕ್ 11,000, ಎಚ್‌ಆರ್‌ಎ 4,400, ಸ್ಪೆಷಲ್ ಅಲೋವೆನ್ಸ್ 3,960. ಗ್ರಾಸ್ 19,360. ಕಡಿತದ ಕಡೆ ಪಿಎಫ್ 1,320 ಮಾತ್ರ. ಉಳಿದದ್ದು ನೆಟ್ ಪೇ.

22 ದಿನದ ಸಂಬಳ ಅಂತ ಗೊತ್ತಾಯಿತು. ಆದರೆ 30 ಸಾವಿರದ ಲೆಕ್ಕದಲ್ಲೂ 22 ದಿನಕ್ಕೆ 22,000 ಆಗಬೇಕಲ್ವಾ? ಎಚ್‌ಆರ್ ಹತ್ತಿರ ಕೇಳಿದರೆ "ಎಲ್ಲ ಪಾಲಿಸಿ ಪ್ರಕಾರವೇ ಉಂಟು" ಎಂದರು. ನನ್ನ ಅವಸರ ಯಾಕೆಂದರೆ, ತಿಂಗಳಿಗೆ 10 ಸಾವಿರ ಉಳಿತಾಯ, ಜೊತೆಗೆ ಬೈಕಿನ ಕಂತು 4,200 ಎಂದು ಪ್ಲಾನ್ ಮಾಡಿ ಆಗಿದೆ. ಶೋರೂಂನವರು ಎರಡು ದಿನದಲ್ಲಿ ಬುಕ್ ಮಾಡಿ ಎನ್ನುತ್ತಿದ್ದಾರೆ.

ಮಲ್ಪೆ ಬೀಚ್ · ಜುಲೈ 2

ಮೊದಲ ತಿಂಗಳಲ್ಲೇ ಸಂಬಳ ಜಾಸ್ತಿ ಕೇಳಬೇಡ ಮಾರಾಯ. ಆರು ತಿಂಗಳು ಕಳೆಯಲಿ, ಆಮೇಲೆ ಬೇರೆ ಕಂಪೆನಿಯ ಆಫರ್ ತೋರಿಸಿ ಮಾತಾಡು.

ಕಾಪುದ ಹುಡುಗ · ಜುಲೈ 2

ಜಾಸ್ತಿ ಕೇಳುತ್ತಿಲ್ಲ ಅಣ್ಣ. ಹೇಳಿದ್ದು ಎಲ್ಲಿ ಹೋಯಿತು ಅಂತ ಕೇಳುತ್ತಿದ್ದೇನೆ.

ಕದ್ರಿಗುಡ್ಡೆ · ಜುಲೈ 2

ಇದರಲ್ಲಿ ಎರಡು ತಪ್ಪು ಕಾಣುತ್ತದೆ. ಒಂದು, ಗ್ರಾಸ್ 19,360 ಅಂದರೆ 21,000ಕ್ಕಿಂತ ಕಡಿಮೆ. ಹಾಗಾದರೆ ಇಎಸ್‌ಐ ಕಡಿತ ಇರಲೇಬೇಕು, ನಿಮ್ಮ ಸ್ಲಿಪ್‌ನಲ್ಲಿ ಅದಿಲ್ಲ. ಎರಡು, ಇದು ಮೊದಲ ಕೆಲಸ ಆದ್ದರಿಂದ ಪಿಎಫ್ ಬೇಡ ಎಂದು ಫಾರ್ಮ್ 11ರಲ್ಲಿ ಬರೆದುಕೊಟ್ಟರೆ ಆಯಿತು, ಪೂರ್ತಿ ಕೈಗೆ ಬರುತ್ತದೆ. ನನ್ನ ಗೆಳೆಯ ಬೆಂಗಳೂರಿನಲ್ಲಿ ಹಾಗೇ ಮಾಡಿದ್ದಾನೆ.

ಬೈಕಂಪಾಡಿ ಅಕ್ಕ · ಜುಲೈ 3

ನಾನು ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಸಂಬಳದ ವಿಭಾಗ ನೋಡಿಕೊಳ್ಳುತ್ತೇನೆ. ತಮ್ಮಾ, ಸ್ಲಿಪ್ ಒಂದನ್ನೇ ಇಟ್ಟುಕೊಂಡರೆ ಇದು ಬಗೆಹರಿಯುವುದಿಲ್ಲ. ಆಫರ್ ಲೆಟರಿನ ಕೊನೆಯ ಪುಟದಲ್ಲಿ ಸಂಬಳದ ವಿವರದ ಒಂದು ಪಟ್ಟಿ ಇರುತ್ತದೆ. ಅದನ್ನು ಹಾಕಿ. ಬೈಕ್ ಬುಕಿಂಗ್ ಅಲ್ಲಿವರೆಗೆ ನಿಲ್ಲಲಿ. ಶೋರೂಂನವರ ಎರಡು ದಿನ ಎಲ್ಲ ತಿಂಗಳೂ ಬರುತ್ತದೆ.

ಕಾಪುದ ಹುಡುಗ · ಜುಲೈ 3

ಸಿಕ್ಕಿತು ಅಕ್ಕ. ತಿಂಗಳ ಲೆಕ್ಕದಲ್ಲಿ ಹೀಗುಂಟು: ಬೇಸಿಕ್ 15,000, ಎಚ್‌ಆರ್‌ಎ 6,000, ಸ್ಪೆಷಲ್ ಅಲೋವೆನ್ಸ್ 5,400. ಅದರ ಕೆಳಗೆ ಕಂಪೆನಿಯ ಪಿಎಫ್ ಪಾಲು 1,800, ಗ್ರಾಚ್ಯುಟಿ 721, ಗ್ರೂಪ್ ಇನ್ಶೂರೆನ್ಸ್ 479, ವೇರಿಯಬಲ್ ಪೇ 600. ಕೂಡಿಸಿದರೆ ಸರಿಯಾಗಿ 30,000.

ಬೈಕಂಪಾಡಿ ಅಕ್ಕ · ಜುಲೈ 3

ಈಗ ನೋಡಿ. ಆ ಪಟ್ಟಿಯ ಮೇಲಿನ ಮೂರು ಸಾಲು ಸೇರಿದರೆ 26,400. ನಿಮ್ಮ ಪೂರ್ತಿ ತಿಂಗಳ ಗ್ರಾಸ್ ಅದು. ಕೆಳಗಿನ ನಾಲ್ಕು ಸಾಲು, ಅಂದರೆ 3,600, ಕಂಪೆನಿಗೆ ನಿಮ್ಮಿಂದ ಆಗುವ ಖರ್ಚು. ಅದು ಸ್ಲಿಪ್‌ನ ಆದಾಯದ ಕಡೆ ಬರುವುದೇ ಇಲ್ಲ. ಹಾಗಾಗಿ ಅದನ್ನು ಕಡಿತ ಅಂತ ಹುಡುಕಿದರೂ ಸಿಗುವುದಿಲ್ಲ.

ಅಷ್ಟೂ ಹಣ ಹೋಯಿತು ಅಂತಲ್ಲ. 1,800 ನಿಮ್ಮ ಹೆಸರಿನಲ್ಲೇ ಪಿಎಫ್ ಕಚೇರಿಗೆ ಹೋಗುತ್ತದೆ. ಗ್ರಾಚ್ಯುಟಿ ಕೈಗೆ ಬರಬೇಕಾದರೆ ಅದೇ ಕಂಪೆನಿಯಲ್ಲಿ ಐದು ವರ್ಷ ಆಗಬೇಕು. ಎರಡು ವರ್ಷಕ್ಕೆ ಬಿಟ್ಟರೆ ಆ 721 ಬರೀ ಕಾಗದದ ಮೇಲಿನ ಸಂಖ್ಯೆ. ಇನ್ಶೂರೆನ್ಸ್ ಆಸ್ಪತ್ರೆಗೆ ಸೇರಿದರೆ ಉಪಯೋಗಕ್ಕೆ ಬರುತ್ತದೆ, ಕಾರ್ಡ್ ಕೇಳಿ ತೆಗೆದುಕೊಳ್ಳಿ. ವೇರಿಯಬಲ್ ಪೇ ವರ್ಷಕ್ಕೊಮ್ಮೆ, ಅವರು ಮಾರ್ಕ್ ಕೊಟ್ಟಷ್ಟು. ಅದನ್ನು ನಂಬಿ ಕಂತು ಕಟ್ಟಬಾರದು.

ಇನ್ನು ಜೂನ್. 26,400ನ್ನು 30ರಿಂದ ಭಾಗಿಸಿದರೆ ದಿನಕ್ಕೆ 880. ಅದು 22 ದಿನಕ್ಕೆ 19,360. ನಿಮ್ಮ ಸ್ಲಿಪ್‌ನ ಗ್ರಾಸ್ ಅದೇ. ಬೇಸಿಕ್ 11,000, ಅದರ ಶೇ. 12 ಅಂದರೆ 1,320. ಲೆಕ್ಕದಲ್ಲಿ ತಪ್ಪಿಲ್ಲ.

ಬೈಕಂಪಾಡಿ ಅಕ್ಕ · ಜುಲೈ 3

ಕದ್ರಿಗುಡ್ಡೆಯವರಿಗೆ: 21,000ದ ಮಿತಿ ಸರಿ. ಆದರೆ ಅದನ್ನು ನೋಡುವುದು ಪೂರ್ತಿ ತಿಂಗಳ ಸಂಬಳದ ದರಕ್ಕೆ. ಅರ್ಧ ತಿಂಗಳು ದುಡಿದದ್ದಕ್ಕೆ ಅಲ್ಲ. ಇವರ ದರ 26,400, ಆದ್ದರಿಂದ ಇಎಸ್‌ಐ ಇಲ್ಲ. ಇಲ್ಲದಿದ್ದರೆ ತಿಂಗಳ ಮಧ್ಯೆ ಸೇರಿದವರೆಲ್ಲ ಒಂದು ತಿಂಗಳ ಮಟ್ಟಿಗೆ ಇಎಸ್‌ಐಗೆ ಬಂದು ಹೋಗಬೇಕಾಗುತ್ತಿತ್ತು.

ವೃತ್ತಿ ತೆರಿಗೆ ಹಾಗಲ್ಲ. ನಮ್ಮ ರಾಜ್ಯದಲ್ಲಿ ಆ ತಿಂಗಳ ಸಂಬಳ 25,000 ಮುಟ್ಟಿದರೆ 200 ಹಿಡಿಯುತ್ತಾರೆ. ಜೂನ್‌ನಲ್ಲಿ ಇವರಿಗೆ 19,360 ಮಾತ್ರ ಬಂದದ್ದು, ಅದಕ್ಕೇ ಆ ಸಾಲು ಇಲ್ಲ. ಜುಲೈ ಸ್ಲಿಪ್‌ನಲ್ಲಿ ಬರುತ್ತದೆ. ಆಗ "ಹೊಸದಾಗಿ ಎಂತ ಹಿಡಿದರು" ಎಂದು ಗಾಬರಿ ಬೇಡ. ಈ ವರ್ಷದಿಂದ ಫೆಬ್ರವರಿಯಲ್ಲಿ ಮಾತ್ರ 300.

ಮಣಿಪಾಲದ ಸಿಸ್ಟರ್ · ಜುಲೈ 3

ಇಎಸ್‌ಐ ಮಾತು ಬಂದದ್ದರಿಂದ ನನ್ನದೂ ಕೇಳುತ್ತೇನೆ. ನಾನು ನರ್ಸ್. ಇಲ್ಲಿಯವರೆಗೆ ಗ್ರಾಸ್ 19,500 ಇತ್ತು, ಇಎಸ್‌ಐ 147 ಹಿಡಿಯುತ್ತಿದ್ದರು. ಈ ತಿಂಗಳಿಂದ 21,800 ಆಗಿದೆ. ಇನ್ನು ಮುಂದೆಯೂ ಹಿಡಿಯುತ್ತೇವೆ ಎನ್ನುತ್ತಾರೆ. ಮಿತಿ ದಾಟಿದ ಮೇಲೂ ಯಾಕೆ?

ಬೈಕಂಪಾಡಿ ಅಕ್ಕ · ಜುಲೈ 3

ಸಿಸ್ಟರ್, ಇಎಸ್‌ಐಯ ವರ್ಷ ಎರಡು ತುಂಡು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ನಡುವೆ ಸಂಬಳ ಏರಿದರೂ ಆ ತುಂಡು ಮುಗಿಯುವವರೆಗೆ ಕಡಿತ ನಡೆಯುತ್ತದೆ. ಹೊಸ ಸಂಬಳದ ಮೇಲೆ ಶೇ. 0.75, ಅಂದರೆ 164. ಅಕ್ಟೋಬರ್‌ನಿಂದ ನಿಲ್ಲಬೇಕು. ನಿಲ್ಲದಿದ್ದರೆ ಆಗ ಕೇಳಿ. ಮನೆಯವರ ಔಷಧ, ಆಸ್ಪತ್ರೆ ಎಲ್ಲ ಅದರಲ್ಲಿ ನಡೆಯುತ್ತಿದ್ದರೆ ಈಗಲೇ ಬೇರೆ ಇನ್ಶೂರೆನ್ಸ್ ನೋಡಿಟ್ಟುಕೊಳ್ಳಿ.

ಕದ್ರಿಗುಡ್ಡೆ · ಜುಲೈ 3

ಇಎಸ್‌ಐ ವಿಷಯ ಒಪ್ಪಿದೆ. ಪಿಎಫ್ ಬಿಡುವ ವಿಷಯಕ್ಕೆ ಉತ್ತರ ಬರಲಿಲ್ಲ.

ಬೈಕಂಪಾಡಿ ಅಕ್ಕ · ಜುಲೈ 4

ಬಿಡಬಹುದು, ಆದರೆ ಎಲ್ಲರೂ ಅಲ್ಲ. ಸೇರುವಾಗ ಪಿಎಫ್ ಲೆಕ್ಕದ ಸಂಬಳ 15,000ಕ್ಕಿಂತ ಮೇಲೆ ಇರಬೇಕು, ಹಿಂದೆ ಪಿಎಫ್ ಸದಸ್ಯ ಆಗಿರಬಾರದು. ನಿಮ್ಮ ಗೆಳೆಯನದು ಮೇಲೆ ಇದ್ದಿರಬಹುದು. ಇವರ ಬೇಸಿಕ್ ಸರಿಯಾಗಿ 15,000. ಮೇಲೆ ಅಲ್ಲ.

ಬಿಡಲು ಸಾಧ್ಯ ಇದ್ದರೂ ನಾನು ಹೇಳುವುದಿಲ್ಲ. ಸಿಟಿಸಿಯಲ್ಲಿ ಕಂಪೆನಿಯ ಪಾಲು ಆಗಲೇ ಸೇರಿದೆ. ನೀವು ಬಿಟ್ಟರೆ ಆ 1,800 ನಿಮಗೆ ಸಂಬಳವಾಗಿ ಕೊಡುತ್ತಾರೋ ಇಲ್ಲವೋ ಎಂಬುದು ಅವರ ಮೇಲೆ. 2024-25ಕ್ಕೆ ಪಿಎಫ್ ಬಡ್ಡಿ ಶೇ. 8.25 ಇತ್ತು. ಅಷ್ಟು ಬಡ್ಡಿ ಇವರಿಗೆ ಯಾವ ಆರ್‌ಡಿಯಲ್ಲಿ ಸಿಗುತ್ತದೆ?

ಕೊಟ್ಟಾರ ಚೌಕಿ · ಜುಲೈ 4

ಅಕ್ಕ ಹೇಳಿದ್ದರಲ್ಲಿ ಒಂದು ತಕರಾರು ಉಂಟು. ನಾನು ಒಬ್ಬ ಸಿಎ ಹತ್ತಿರ ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಎಲ್ಲರಿಗೂ ಒಂದೇ ಸಮ ಕೊಡುವ ಸ್ಪೆಷಲ್ ಅಲೋವೆನ್ಸ್ ಪಿಎಫ್ ಲೆಕ್ಕಕ್ಕೆ ಸೇರಬೇಕು ಅಂತ. ಹಾಗಾದರೆ ಜೂನ್‌ನಲ್ಲಿ 11,000ಕ್ಕೆ 3,960 ಸೇರಿಸಿ 14,960. ಅದರ ಶೇ. 12 ಅಂದರೆ 1,795. ಇವರಿಗೆ 1,320 ಹಿಡಿದದ್ದು ಕಡಿಮೆ ಆಯಿತು. ಕಂಪೆನಿಯೂ ಅಷ್ಟೇ ಕಡಿಮೆ ಹಾಕಿದೆ.

ಬೈಕಂಪಾಡಿ ಅಕ್ಕ · ಜುಲೈ 4

ತೀರ್ಪು ಗೊತ್ತುಂಟು. ನಮ್ಮಲ್ಲಿ ಸೇರಿಸಿಯೇ ಹಿಡಿಯುತ್ತೇವೆ. ಆದರೆ ಪೂರ್ತಿ ತಿಂಗಳ ಬೇಸಿಕ್ 15,000 ಮುಟ್ಟುವವರಿಗೆ, ಮಧ್ಯೆ ಸೇರಿದ ಒಂದು ತಿಂಗಳಲ್ಲಿ ಬರೀ ಬೇಸಿಕ್ ಮೇಲೆ ಹಿಡಿಯುವ ಕಂಪೆನಿಗಳು ಬೇಕಾದಷ್ಟಿವೆ. ಅವರ ಅಲೋವೆನ್ಸ್ ಎಲ್ಲರಿಗೂ ಒಂದೇ ಸಮ ಇದೆಯಾ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ.

ಕೊಟ್ಟಾರ ಚೌಕಿ · ಜುಲೈ 4

ಬೇಕಾದಷ್ಟು ಕಂಪೆನಿಗಳು ಮಾಡುತ್ತವೆ ಎಂದ ಮಾತ್ರಕ್ಕೆ ಸರಿ ಆಗುತ್ತದಾ ಅಕ್ಕ? ಜೊತೆಗೆ, ಅಲೋವೆನ್ಸ್ ಸೇರಿಸಿದರೆ ಇವರ ಪಿಎಫ್ ಸಂಬಳ 20,400. ಆಗ 15,000 ಮೀರಿದ ಹಾಗಾಯಿತು. ಕದ್ರಿಗುಡ್ಡೆಯವರ ಮಾತಿಗೂ ಸ್ವಲ್ಪ ಜೀವ ಬಂತು.

ಬೈಕಂಪಾಡಿ ಅಕ್ಕ · ಜುಲೈ 4

ಸರಿ ಅಂತ ನಾನು ಹೇಳಲಿಲ್ಲ. ಒಂದು ತಿಂಗಳ 475 ರೂಪಾಯಿಗೆ ಈ ಹುಡುಗ ಎಚ್‌ಆರ್ ಹತ್ತಿರ ಜಗಳ ಶುರು ಮಾಡುವುದು ಬೇಡ ಅಂತ ಅಷ್ಟೇ. ಜುಲೈಯಿಂದ ಹೇಗೂ 1,800 ಹಿಡಿಯಬೇಕು. ಅದು ಬರುತ್ತದಾ ನೋಡೋಣ.

ತಮ್ಮಾ, ಅದಕ್ಕಿಂತ ಮುಖ್ಯದ್ದು ಒಂದು ಕೇಳುತ್ತೇನೆ. ಸ್ಲಿಪ್‌ನ ತಲೆಯಲ್ಲಿ ಯುಎಎನ್ ಎಂದು 12 ಅಂಕಿ ಇದೆಯಾ?

ಕಾಪುದ ಹುಡುಗ · ಜುಲೈ 4

ಆ ಜಾಗ ಖಾಲಿ ಉಂಟು ಅಕ್ಕ.

ಬೈಕಂಪಾಡಿ ಅಕ್ಕ · ಜುಲೈ 4

ಇದನ್ನು ಇವತ್ತೇ ಕೇಳಿ. ಹಣ ಹಿಡಿದಾಗಿದೆ, ಆದರೆ ಕಟ್ಟಲು ಖಾತೆ ಸಂಖ್ಯೆಯೇ ಆಗಿಲ್ಲ. ಜೂನ್‌ನ ಹಣ ಜುಲೈ 15ರ ಒಳಗೆ ಪಿಎಫ್ ಕಚೇರಿಗೆ ಸೇರಬೇಕು. ಹೊಸಬರಿಗೆ ಯುಎಎನ್ ತಡ ಆಗುವುದು ಹೆಚ್ಚಾಗಿ ಆಧಾರ್‌ನಿಂದ. ನಮ್ಮ ಕಡೆಯ ಹೆಸರುಗಳ ಕಥೆ ಗೊತ್ತಲ್ಲ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪ್ಯಾನ್‌ನಲ್ಲಿ ಮನೆತನದ ಹೆಸರೂ ಸೇರಿರುತ್ತದೆ. ಕಂಪೆನಿಯವರು ಅಂಕಪಟ್ಟಿ ನೋಡಿ ಟೈಪ್ ಮಾಡಿದರೆ ಆಧಾರ್ ಜೊತೆ ಹೊಂದುವುದಿಲ್ಲ.

ಕಾಪುದ ಹುಡುಗ · ಜುಲೈ 7

ಕೇಳಿದೆ. ನೀವು ಹೇಳಿದ ಹಾಗೇ. ನನ್ನ ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಉಂಟು, ಕಂಪೆನಿಯ ದಾಖಲೆಯಲ್ಲಿ ಒಂದು ಅಕ್ಷರ ಮಾತ್ರ. ಆಧಾರ್ ಪ್ರಕಾರ ಬದಲಿಸುತ್ತೇವೆ ಎಂದಿದ್ದಾರೆ.

ಇನ್ನೊಂದು ಸಂಗತಿ. ನಮ್ಮ ಸಂಬಂಧಿಕರೊಬ್ಬರು ಇನ್ಶೂರೆನ್ಸ್ ಏಜೆಂಟ್. ಮೊದಲ ಸಂಬಳ ಅಂತ ಗೊತ್ತಾದ ಕೂಡಲೇ ಮನೆಗೆ ಬಂದರು. ತೆರಿಗೆ ಉಳಿಸಲು ವರ್ಷಕ್ಕೆ 30,000ದ ಪಾಲಿಸಿ ಮಾಡು ಎಂದು ಅಮ್ಮನನ್ನು ಒಪ್ಪಿಸಿದ್ದಾರೆ. ಮಾವ ಆಗಬೇಕು, ಆಗುವುದಿಲ್ಲ ಎನ್ನಲು ಕಷ್ಟ.

ಕೊಟ್ಟಾರ ಚೌಕಿ · ಜುಲೈ 7

ನಿಮ್ಮ ಸ್ಲಿಪ್‌ನಲ್ಲಿ ಟಿಡಿಎಸ್ ಸಾಲು ಇದೆಯಾ? ಇಲ್ಲ. ಮುಂದೆಯೂ ಈ ಸಂಬಳಕ್ಕೆ ಬರುವುದಿಲ್ಲ. ವರ್ಷಪೂರ್ತಿ ದುಡಿದರೂ ನಿಮ್ಮ ಗ್ರಾಸ್ 3,16,800. ಅದರಲ್ಲಿ ಸಂಬಳದಾರರಿಗೆ ಸುಮ್ನೆ ಸಿಗುವ 75,000 ಕಳೆದರೆ 2,41,800. ಹೊಸ ಪದ್ಧತಿಯಲ್ಲಿ ಈ ವರ್ಷ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯನ್ನು ಉಳಿಸಲು 30,000 ಕೊಡುತ್ತೀರಾ? ಮಾವನಿಗೆ ಈ ಲೆಕ್ಕ ತೋರಿಸಿ. ಹೊಸ ಪದ್ಧತಿಯಲ್ಲಿ ಪಾಲಿಸಿಯ ಕಂತಿಗೆ 80ಸಿ ವಿನಾಯಿತಿಯೂ ಇಲ್ಲ.

ಕಲ್ಸಂಕ · ಜುಲೈ 7

ಮಾವನಿಗೆ ಲೆಕ್ಕ ತೋರಿಸುವುದು ಸುಲಭ ಇಲ್ಲ ಮಾರಾಯ್ರೆ. ಪ್ರೊಬೇಷನ್ ಮುಗಿಯಲಿ ಎಂದು ಹೇಳಿ, ಆರು ತಿಂಗಳು ದಾಟುತ್ತದೆ.

ಅಂದ ಹಾಗೆ, ಮೊದಲ ಕೆಲಸಕ್ಕೆ ಸೇರಿದವರಿಗೆ ಕೇಂದ್ರ ಸರ್ಕಾರ 15,000 ಕೊಡುತ್ತದೆ ಎಂದು ಪೇಪರ್‌ನಲ್ಲಿ ಬಂದಿದೆ. ಇವರಿಗೂ ಬರುತ್ತದಲ್ಲ?

ಕೊಟ್ಟಾರ ಚೌಕಿ · ಜುಲೈ 7

ಅದು ಜುಲೈ 1ಕ್ಕೆ ಸಂಪುಟ ಒಪ್ಪಿದ ಯೋಜನೆ. 2025 ಆಗಸ್ಟ್ 1ರ ನಂತರದ ಕೆಲಸಗಳಿಗೆ. ಇವರು ಜೂನ್‌ನಲ್ಲಿ ಸೇರಿದ್ದಾರೆ. 15,000 ಅಂದರೂ ಎಲ್ಲರಿಗೂ ಅಷ್ಟು ಅಲ್ಲ, ಅದು ಮೇಲಿನ ಮಿತಿ. ಎರಡು ಕಂತಿನಲ್ಲಿ ಬರುವುದು.

ಕಲ್ಸಂಕ · ಜುಲೈ 7

ಛೆ, ಎರಡು ತಿಂಗಳು ತಡವಾಗಿ ಸೇರಬೇಕಿತ್ತು!

ಬೈಕಂಪಾಡಿ ಅಕ್ಕ · ಜುಲೈ 8

ಎರಡು ತಿಂಗಳ ಸಂಬಳ ಬಿಟ್ಟು 15,000ಕ್ಕೆ ಕಾಯುವುದಾ? ಒಳ್ಳೆ ಲೆಕ್ಕ.

ಈಗ ಉಳಿತಾಯಕ್ಕೆ ಬರೋಣ. ಪೂರ್ತಿ ತಿಂಗಳ ಗ್ರಾಸ್ 26,400. ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಹೋದರೆ ಕೈಗೆ 24,400. ಪ್ಲಾನ್ ಮಾಡುವುದಿದ್ದರೆ ಈ ಸಂಖ್ಯೆ ಹಿಡಿಯಿರಿ. 30,000 ಅಲ್ಲ, 18,040 ಕೂಡ ಅಲ್ಲ. ನಿಮ್ಮ ಖರ್ಚು ಹೇಳಿ.

ಕಾಪುದ ಹುಡುಗ · ಜುಲೈ 8

ಪಿಜಿ ಊಟ ಸೇರಿ 7,500. ಮನೆಗೆ 5,000 ಕೊಡುತ್ತೇನೆ ಎಂದಿದ್ದೇನೆ. ಬಸ್ಸು, ಮೊಬೈಲ್, ಶನಿವಾರ ಕಾಪುವಿಗೆ ಹೋಗಿ ಬರುವುದು, ಸಣ್ಣಪುಟ್ಟ ಎಲ್ಲ ಸೇರಿ 3,500 ಆಗಬಹುದು.

ಬೈಕಂಪಾಡಿ ಅಕ್ಕ · ಜುಲೈ 8

ಅಲ್ಲಿಗೆ 16,000. ಉಳಿಯುವುದು 8,400. ನಿಮ್ಮ ಪ್ಲಾನ್‌ನಲ್ಲಿ ಉಳಿತಾಯ 10,000, ಕಂತು 4,200. ಎರಡೂ ಸೇರಿ 14,200. ತಿಂಗಳಿಗೆ 5,800 ಕೊರತೆ ಬೀಳುತ್ತಿತ್ತು.

8,400 ಕೂಡ ಗಟ್ಟಿ ಅಲ್ಲ. ಪ್ರೊಬೇಷನ್‌ನಲ್ಲಿ ರಜೆ ಎಷ್ಟು ಸಿಗುತ್ತದೆ ಕೇಳಿದ್ದೀರಾ? ರಜೆ ಇಲ್ಲದೆ ಊರಿನ ನೇಮಕ್ಕೆ ಎರಡು ದಿನ ಹೋದರೆ, ದಿನಕ್ಕೆ 850ರಿಂದ 880ರಷ್ಟು ಗ್ರಾಸ್‌ನಲ್ಲೇ ಹೋಗುತ್ತದೆ. ಕಡಿತದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಬೇಸಿಕ್‌ನಿಂದ ಹಿಡಿದು ಎಲ್ಲ ಸಾಲೂ ಸ್ವಲ್ಪ ಸ್ವಲ್ಪ ಕಡಿಮೆ ಆಗಿರುತ್ತದೆ. ಸಂಬಳ ಕಡಿಮೆ ಬಂದಾಗ ಮೊದಲು ನೋಡಬೇಕಾದ್ದು ಹಾಜರಿ ದಿನದ ಸಾಲು. ಬೆರಳಚ್ಚು ಯಂತ್ರ ಒಂದು ದಿನ ಕೈಕೊಟ್ಟರೂ ಅಲ್ಲೇ ಗೊತ್ತಾಗುತ್ತದೆ.

ನನ್ನ ಸಲಹೆ: ಮೂರು ಪೂರ್ತಿ ತಿಂಗಳ ಸ್ಲಿಪ್ ಬರುವವರೆಗೆ ಕಂತು ಬೇಡ. 5,000ದ ಆರ್‌ಡಿ ಮಾಡಿ, ಅಗತ್ಯ ಬಿದ್ದರೆ ಮುರಿಯಬಹುದು. ಉಳಿದ 3,400 ಖಾತೆಯಲ್ಲೇ ಇರಲಿ. ಹಣ ಹೋಗುವ ದಿನವನ್ನು ಸಂಬಳದ ದಿನಕ್ಕೆ ಅಂಟಿಸಬೇಡಿ, ಮೂರು ನಾಲ್ಕು ದಿನ ಬಿಡಿ. ಸಂಬಳ ಶನಿವಾರ ಭಾನುವಾರಕ್ಕೆ ಸಿಕ್ಕಿ ತಡವಾದರೆ ಕಂತು ಬೌನ್ಸ್ ಆಗಿ ದಂಡ ಬೀಳುತ್ತದೆ.

ಕಲ್ಸಂಕ · ಜುಲೈ 8

ಆರ್‌ಡಿಗಿಂತ ಪಿಗ್ಮಿ ಒಳ್ಳೆಯದು. ಉಡುಪಿಯಲ್ಲೇ ಹುಟ್ಟಿದ್ದು ಅದು, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ಈಗ ನಮ್ಮ ಊರಿನ ಸೊಸೈಟಿಯವರು ಮನೆಗೇ ಬರುತ್ತಾರೆ, ಬಡ್ಡಿಯೂ ಜಾಸ್ತಿ.

ಕೊಟ್ಟಾರ ಚೌಕಿ · ಜುಲೈ 8

ದಿನದ ವ್ಯಾಪಾರ ಇರುವವರಿಗೆ ಪಿಗ್ಮಿ ಚಂದ. ತಿಂಗಳಿಗೊಮ್ಮೆ ಸಂಬಳ ಬರುವವರಿಗೆ ದಿನಾ ಕಟ್ಟುವ ಅಗತ್ಯ ಎಂತ? ಇನ್ನೊಂದು, ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದ ವಿಮೆ ಸಹಕಾರಿ ಬ್ಯಾಂಕಿಗೆ ಉಂಟು, ಸೊಸೈಟಿಗೆ ಇಲ್ಲ. ಹೆಸರು ಒಂದೇ ಥರ ಇರುತ್ತದೆ, ಬೋರ್ಡ್ ಸರಿಯಾಗಿ ಓದಬೇಕು.

ಕಲ್ಸಂಕ · ಜುಲೈ 8

ನಮ್ಮ ಸೊಸೈಟಿಯಲ್ಲಿ ಅಪ್ಪನ ಕಾಲದಿಂದ ಕಟ್ಟುತ್ತಿದ್ದೇವೆ, ಒಂದು ರೂಪಾಯಿ ಹೋಗಲಿಲ್ಲ. ನೀವು ಓದಿದವರು, ನಿಮಗೆ ಬಿಟ್ಟದ್ದು.

ಕಾಪುದ ಹುಡುಗ · ಆಗಸ್ಟ್ 4

ಜುಲೈ ಸ್ಲಿಪ್ ಬಂತು. 31ರಲ್ಲಿ 31 ದಿನ, ಗ್ರಾಸ್ 26,400, ಪಿಎಫ್ 1,800, ವೃತ್ತಿ ತೆರಿಗೆ 200, ನೆಟ್ 24,400. ಯುಎಎನ್ ಕೂಡ ಬಂದಿದೆ. ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಸಕ್ರಿಯ ಮಾಡಿಕೊಂಡೆ. ಪಾಸ್‌ಬುಕ್‌ನಲ್ಲಿ ಜೂನ್‌ಗೆ ನನ್ನದು 1,320 ಸರಿ ಉಂಟು. ಕಂಪೆನಿಯದ್ದು ಮಾತ್ರ 404 ತೋರಿಸುತ್ತದೆ. ಅವರೂ 1,320 ಹಾಕಬೇಕಿತ್ತಲ್ವಾ?

ಬೈಕಂಪಾಡಿ ಅಕ್ಕ · ಆಗಸ್ಟ್ 4

ಅದರ ಪಕ್ಕದ ಪಿಂಚಣಿ ಕಾಲಂ ನೋಡಿ, 916 ಇರಬೇಕು. ಕಂಪೆನಿಯ ಶೇ. 12ರಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ, ಉಳಿದದ್ದು ನಿಮ್ಮ ಖಾತೆಗೆ. 404ಕ್ಕೆ 916 ಸೇರಿದರೆ 1,320. ಜುಲೈಗೆ ಅದು 550 ಮತ್ತು 1,250 ಎಂದು ಬರುತ್ತದೆ. ಪಿಂಚಣಿ ಕಾಲಂನ ಹಣಕ್ಕೆ ಬಡ್ಡಿ ಸೇರುವುದಿಲ್ಲ. ಹಾಗಾಗಿ ಉಳಿತಾಯದ ಲೆಕ್ಕದಲ್ಲಿ ತಿಂಗಳಿಗೆ 2,350 ಎಂದೇ ಹಿಡಿಯಿರಿ, 3,600 ಅಲ್ಲ.

ಕಾಪುದ ಹುಡುಗ · ಆಗಸ್ಟ್ 4

916 ಉಂಟು ಅಕ್ಕ. ಆರ್‌ಡಿ 5,000ಕ್ಕೆ ಮಾಡಿದೆ, ಪ್ರತಿ ತಿಂಗಳು 5ಕ್ಕೆ. ಬೈಕ್ ಸದ್ಯಕ್ಕೆ ಇಲ್ಲ. ಮಾವ ಇನ್ನೂ ಬಿಟ್ಟಿಲ್ಲ, ಈಗ ಪಾಲಿಸಿ 20,000ಕ್ಕೆ ಇಳಿದಿದೆ.

ಕೊಟ್ಟಾರ ಚೌಕಿ · ಆಗಸ್ಟ್ 5

ಜೂನ್‌ನ ಆ 475ರ ಬಗ್ಗೆ ನನ್ನ ತಕರಾರು ಹಾಗೇ ಉಂಟು. ಮಧ್ಯ ತಿಂಗಳಲ್ಲಿ ಸೇರಿದ ಬೇರೆ ಯಾರಾದರೂ ತಮ್ಮ ಮೊದಲ ಸ್ಲಿಪ್‌ನಲ್ಲಿ ಅಲೋವೆನ್ಸ್ ಸೇರಿಸಿ ಪಿಎಫ್ ಹಿಡಿದಿದ್ದಾರಾ ಎಂದು ನೋಡಿ ಹೇಳುತ್ತೀರಾ?